ಹೆದರಿಸದೆ ಧೈರ್ಯ ಕೊಡುವ ಮಾತು: ಮಹಿಳಾ ಸುರಕ್ಷತಾ ಆ್ಯಪ್‌ಗೆ ಬರೆಯೋದು ಹೇಗೆ, ಹಂತ ಹಂತವಾಗಿ

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಮಹಿಳಾ ಸುರಕ್ಷತಾ ಆ್ಯಪ್ ಮಾಡುವ ಹುಡುಗ ಹುಡುಗಿಯರು ಕಡಿಮೆ ಇಲ್ಲ. ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಆಗಿ ಶುರುವಾಗುತ್ತದೆ, ಚೆನ್ನಾಗಿ ಬಂದರೆ ಪ್ಲೇ ಸ್ಟೋರ್‌ಗೂ ಹೋಗುತ್ತದೆ. ಕೋಡ್ ಸರಿ ಇರುತ್ತದೆ, ಬಟನ್ ಕೆಲಸ ಮಾಡುತ್ತದೆ, ಆದರೆ ಮಾತು ಕೆಡುತ್ತದೆ. ಪ್ರತಿ ಸಲ ಕೆಡುವ ರೀತಿಯೂ ಒಂದೇ. ಮೊದಲ ಬರವಣಿಗೆಯಲ್ಲಿ "ಎಚ್ಚರ! ಅಪಾಯ ಎಲ್ಲೆಲ್ಲೂ ಇದೆ" ಎಂದು ಹೆದರಿಸುತ್ತಾರೆ. ಅದು ಬೇಡ ಅಂದರೆ ಪೂರ್ತಿ ಆಚೆ ತುದಿಗೆ ಹೋಗಿ "ನಾವಿದ್ದೇವೆ, ಇನ್ನು ನೀವು ಸಂಪೂರ್ಣ ಸುರಕ್ಷಿತ" ಎಂದು ಬರೆಯುತ್ತಾರೆ. ಎರಡೂ ಕೆಲಸಕ್ಕೆ ಬರೋದಿಲ್ಲ.

ಭಯ ಹುಟ್ಟಿಸುವ ಮಾತಿನಿಂದ ಇಲ್ಲಿ ಆಗುವ ನಷ್ಟ ಬೇರೆಯೇ ತರಹದ್ದು. ಹೆದರಿದ ಹುಡುಗಿ ಆ್ಯಪ್ ತೆಗೆದುಹಾಕಬಹುದು, ಅದು ಸಣ್ಣ ವಿಷಯ. ಹೆದರಿದ ಮನೆಯವರು ಅವಳ ಸಂಜೆ ಕ್ಲಾಸ್ ಬಿಡಿಸುತ್ತಾರೆ, ಜಾಸ್ತಿ ಆದರೆ ಕಾಲೇಜನ್ನೇ ಬಿಡಿಸುತ್ತಾರೆ. ಸುಳ್ಳು ಭರವಸೆಯ ನಷ್ಟ ಇನ್ನೂ ಕೆಟ್ಟದ್ದು. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ "ನೀವು ಸುರಕ್ಷಿತ" ಎಂದು ತೋರಿಸುವ ಪರದೆಯನ್ನು ನಂಬಿ ಆಕೆ 112ಕ್ಕೆ ಕರೆ ಮಾಡದೆ ಕಾಯುತ್ತಾ ಕೂತರೆ?

ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಒಂದು ಮಾತಿನ ಮೇಲೆ ನಿಂತಿವೆ. ಗಾಬರಿಯಲ್ಲಿರುವ ಮನುಷ್ಯರಿಗೆ ಧೈರ್ಯ ಬರುವುದು ಸಮಾಧಾನದ ಮಾತಿನಿಂದ ಅಲ್ಲ, ಈಗ ಏನಾಗುತ್ತಿದೆ ಮತ್ತು ನಾನು ಮುಂದೆ ಏನು ಮಾಡಬೇಕು ಎಂಬುದು ಖಚಿತವಾಗಿ ಗೊತ್ತಾದಾಗ.

## ಉದ್ದಕ್ಕೂ ಬಳಸುವ ಉದಾಹರಣೆ

ಒಂದು ಸನ್ನಿವೇಶ ಇಟ್ಟುಕೊಳ್ಳೋಣ. ಹುಡುಗಿಯ ಹೆಸರು ಸವಿತಾ ಅಂದುಕೊಳ್ಳಿ. ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಾಳೆ. ಶನಿವಾರ ಲೈಬ್ರರಿ ಮುಗಿಸಿ ವಿಜಯಪುರ ಬಸ್ ಸ್ಟ್ಯಾಂಡಿಗೆ ಬಂದು, ಸಿಂದಗಿ ಕಡೆಯ ಸರ್ಕಾರಿ ಬಸ್ ಹತ್ತುತ್ತಾಳೆ. ಅವ್ವ ಊರಲ್ಲಿ, ಕೈಯಲ್ಲಿ ಕೀಪ್ಯಾಡ್ ಫೋನ್. ಅಣ್ಣ ಸೋಲಾಪುರದಲ್ಲಿ ಕೆಲಸ ಮಾಡುತ್ತಾನೆ, ಅವನ ಹತ್ತಿರ ಸ್ಮಾರ್ಟ್‌ಫೋನ್ ಇದೆ. ರಾತ್ರಿ 8:42ಕ್ಕೆ ದೇವರ ಹಿಪ್ಪರಗಿ ಹತ್ತಿರ ಬಸ್ಸಿನಲ್ಲಿ ಒಬ್ಬ ಪದೇ ಪದೇ ಮೈಮೇಲೆ ಬೀಳುತ್ತಿದ್ದಾನೆ. ಸವಿತಾ ಬಟನ್ ಒತ್ತುತ್ತಾಳೆ.

ನಿಮ್ಮ ಆ್ಯಪ್‌ಗೂ ಇಂಥದ್ದೇ ಒಂದು ಸನ್ನಿವೇಶ ಮೊದಲು ಬರೆದಿಟ್ಟುಕೊಳ್ಳಿ. ದಿನ, ಹೊತ್ತು, ಜಾಗ, ಯಾರ ಹತ್ತಿರ ಯಾವ ಫೋನು, ಎಲ್ಲ ಇರಲಿ. "ಬಳಕೆದಾರರು" ಅಂತ ಸುಮ್ನೆ ಅಂದುಕೊಂಡು ಬರೆಯಲು ಕೂತರೆ ಮಾತು ಜಾಹೀರಾತಿನ ಕಡೆ ಜಾರುತ್ತದೆ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದ್ದು

ದೊಡ್ಡ ಸಾಮಾನು ಏನೂ ಬೇಡ. ಆ್ಯಪ್ ತೋರಿಸುವ ಪ್ರತಿಯೊಂದು ಸಾಲು ಒಂದೊಂದು ರೋ ಆಗಿ ಇರುವ ಒಂದು ಸ್ಪ್ರೆಡ್‌ಶೀಟ್. ಕಡಿಮೆ ಬೆಲೆಯ ಒಂದು ಆಂಡ್ರಾಯ್ಡ್ ಫೋನ್, ಸ್ವಲ್ಪ ಪರದೆ ಒಡೆದಿದ್ದರೂ ನಡೆಯುತ್ತದೆ. ಒಂದು ಹಳೆಯ ಕೀಪ್ಯಾಡ್ ಫೋನ್. ಮತ್ತು ಆ್ಯಪ್ ಬರೆದ ಡೆವಲಪರ್ ಜೊತೆ ಒಂದು ಮಧ್ಯಾಹ್ನ. ಈ ಕೊನೆಯದನ್ನು ಬಿಟ್ಟವರೇ ಜಾಸ್ತಿ, ತಪ್ಪು ಶುರುವಾಗುವುದೂ ಅಲ್ಲಿಂದಲೇ.

## ಹಂತ 1: ಆ್ಯಪ್ ನಿಜವಾಗಿ ಏನು ಮಾಡುತ್ತದೆ ಎಂದು ಪಟ್ಟಿ ಮಾಡಿ

ಒಂದು ವಾಕ್ಯವನ್ನೂ ಬರೆಯುವ ಮುಂಚೆ ಡೆವಲಪರ್‌ನನ್ನು ಕೂರಿಸಿಕೊಂಡು ಕೇಳಿ. ಬಟನ್ ಒತ್ತಿದ ಮೇಲೆ ಮೊದಲು ಎಲ್ಲಿಗೆ ಸುದ್ದಿ ಹೋಗುತ್ತದೆ? ಇಂಟರ್ನೆಟ್ ಇಲ್ಲದಿದ್ದರೆ? ಎಸ್‌ಎಂಎಸ್ ಆಕೆಯ ಸಿಮ್‌ನಿಂದ ಹೋಗುತ್ತದಾ, ಕಂಪನಿಯ ಸರ್ವರ್‌ನಿಂದಲಾ? ಆ ಕಡೆ ಯಾರಾದರೂ ಮನುಷ್ಯರು ಕೂತು ನೋಡುತ್ತಾರಾ, ರಾತ್ರಿ ಎರಡಕ್ಕೂ? ಜಾಗದ ಮಾಹಿತಿ ಎಷ್ಟು ನಿಮಿಷಕ್ಕೊಮ್ಮೆ ಬದಲಾಗುತ್ತದೆ? ಪೊಲೀಸರಿಗೆ ನೇರವಾಗಿ ಹೋಗುತ್ತದಾ, ಇಲ್ಲ 112 ನಂಬರ್ ಡಯಲ್ ಮಾಡಿ ಕೊಡುತ್ತದೆ ಅಷ್ಟೇನಾ?

ಹೆಚ್ಚಿನ ಸಣ್ಣ ಆ್ಯಪ್‌ಗಳು ಮಾಡುವುದು ಎರಡೇ ಕೆಲಸ. ಆಯ್ದ ಮೂರು ನಾಲ್ಕು ಜನರಿಗೆ ಜಾಗದ ಲಿಂಕ್ ಕಳಿಸುತ್ತವೆ, 112 ಡಯಲ್ ಮಾಡುತ್ತವೆ. ಅದು ಕಡಿಮೆ ಏನಲ್ಲ. ಆದರೆ ಅಷ್ಟು ಮಾಡುವ ಆ್ಯಪ್ "ಸಹಾಯ ಬರುತ್ತಿದೆ" ಎಂದು ಬರೆಯುವ ಹಾಗಿಲ್ಲ. ಸಹಾಯ ಹೊರಟಿದೆಯೋ ಇಲ್ಲವೋ ಆ್ಯಪ್‌ಗೆ ಗೊತ್ತಿಲ್ಲ. ಗೊತ್ತಿರುವುದು "ಅಣ್ಣನಿಗೆ ಮೆಸೇಜ್ ಹೋಗಿದೆ" ಎಂಬುದು ಮಾತ್ರ. ಅಷ್ಟನ್ನೇ ಹೇಳಿ.

ಪಟ್ಟಿ ಆದ ಮೇಲೆ ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ಸಾಲಿನ ಪಕ್ಕ ಒಂದು ಕಾಲಂ ಹಾಕಿ: ಇದು ನಿಜ ಅಂತ ಆ್ಯಪ್‌ಗೆ ಹೇಗೆ ಗೊತ್ತು? ಈ ಕಾಲಂ ಖಾಲಿ ಉಳಿದ ಸಾಲನ್ನು ತೆಗೆದುಹಾಕಿ. "ನಿಮ್ಮ ರಕ್ಷಣೆ ನಮ್ಮ ಹೊಣೆ", "ಸದಾ ನಿಮ್ಮ ನೆರಳಾಗಿ", "24 ಗಂಟೆಯೂ ಕಾವಲು" ಇಂಥವೆಲ್ಲ ಇಲ್ಲೇ ಹೋಗುತ್ತವೆ. ಹೋಗಲಿ ಬಿಡಿ, ಒಳ್ಳೆಯದೇ.

## ಹಂತ 2: ಸಂದರ್ಭಗಳನ್ನು ಬೇರೆ ಮಾಡಿ

ಬ್ರ್ಯಾಂಡ್ ಧಾಟಿ ಅಂದರೆ ಎಲ್ಲ ಕಡೆ ಒಂದೇ ದನಿ ಅಂತ ಅನೇಕರು ತಿಳಿದಿದ್ದಾರೆ. ಸುರಕ್ಷತಾ ಆ್ಯಪ್‌ನಲ್ಲಿ ಹಾಗೆ ನಡೆಯುವುದಿಲ್ಲ. ಆಕೆ ಇರುವ ಸ್ಥಿತಿ ನಾಲ್ಕು: ಏನೂ ಇಲ್ಲದ ಸಾಮಾನ್ಯ ದಿನ, ಯಾಕೋ ಸರಿ ಅನ್ನಿಸದ ಹೊತ್ತು, ಬಟನ್ ಒತ್ತಿದ ಕ್ಷಣ, ಎಲ್ಲ ಮುಗಿದ ಮೇಲಿನ ಸಮಯ. ಪ್ರತಿ ಸಾಲಿಗೂ ಇದರಲ್ಲಿ ಯಾವುದು ಎಂದು ಗುರುತು ಹಾಕಿ.

ಸಾಮಾನ್ಯ ದಿನದಲ್ಲಿ ಮಾತು ಕಡಿಮೆ ಇರಬೇಕು. ಎರಡನೆಯ ಸ್ಥಿತಿಯಲ್ಲಿ ಆಕೆಗೆ ಆಯ್ಕೆ ಕೊಡಬೇಕು, ತೀರ್ಪು ಕೊಡಬಾರದು. ಮೂರನೆಯದರಲ್ಲಿ ಆಜ್ಞೆಯ ಹಾಗೆ ನೇರವಾಗಿ, ಚಿಕ್ಕದಾಗಿ ಮಾತಾಡಬೇಕು. ನಾಲ್ಕನೆಯದರಲ್ಲಿ ಮಾತ್ರ ಸ್ವಲ್ಪ ಮೆತ್ತಗಿನ ಮಾತಿಗೆ ಜಾಗ ಇದೆ.

ತಪ್ಪು ಆಗುವುದು ಇವು ಅದಲು ಬದಲಾದಾಗ. ಸಾಮಾನ್ಯ ದಿನ ಕೆಂಪು ಬಣ್ಣ, ಆಶ್ಚರ್ಯಸೂಚಕ ಚಿಹ್ನೆ. ಬಟನ್ ಒತ್ತಿದ ಕ್ಷಣಕ್ಕೆ ಉದ್ದನೆಯ ಸಾಂತ್ವನ. ನಿಮ್ಮ ಆ್ಯಪ್ ತೆಗೆದು ನೋಡಿ, ಎರಡರಲ್ಲಿ ಒಂದಾದರೂ ಸಿಗುತ್ತದೆ.

## ಹಂತ 3: ಬಟನ್ ಒತ್ತಿದ ಮೇಲಿನ ಪರದೆಗಳನ್ನು ಮೊದಲು ಬರೆಯಿರಿ

ಎಲ್ಲರೂ ಸ್ವಾಗತ ಪರದೆಯಿಂದ ಶುರು ಮಾಡುತ್ತಾರೆ. ಅದನ್ನು ಕೊನೆಗೆ ಇಡಿ. ತುರ್ತು ಪರದೆಗಳ ಮಾತು ಗಟ್ಟಿಯಾದರೆ ಉಳಿದ ಆ್ಯಪ್‌ನ ದನಿ ಅದರಿಂದಲೇ ಸಿಗುತ್ತದೆ, ತಿರುಗಾಮುರುಗಾ ಮಾಡಿದರೆ ಸಿಗುವುದಿಲ್ಲ.

ಸವಿತಾ ಕಡೆ ಬರೋಣ. ಅವಳು ಬಟನ್ ಒತ್ತಿದಳು. ತಪ್ಪಾಗಿ ಒತ್ತಿದ್ದರೆ ನಿಲ್ಲಿಸಲಿ ಅಂತ ಆ್ಯಪ್ ಐದು ಸೆಕೆಂಡು ಎಣಿಸುತ್ತದೆ. ಈ ಐದು ಸೆಕೆಂಡಿನಲ್ಲಿ ಬಹಳ ಆ್ಯಪ್‌ಗಳು ಕೇಳುವ ಪ್ರಶ್ನೆ: "ನೀವು ನಿಜವಾಗಿಯೂ ಅಪಾಯದಲ್ಲಿದ್ದೀರಾ?" ಇದನ್ನು ಎಂದೂ ಬರೆಯಬೇಡಿ. ಮೈಮೇಲೆ ಬೀಳುತ್ತಿರುವವನು ಬೇಕಂತಲೇ ಮಾಡುತ್ತಿದ್ದಾನಾ, ನಾನೇ ಜಾಸ್ತಿ ಯೋಚಿಸುತ್ತಿದ್ದೀನಾ ಎಂದು ಅವಳು ಈಗಾಗಲೇ ಹತ್ತು ಸಲ ತನ್ನನ್ನೇ ಕೇಳಿಕೊಂಡು ಆಮೇಲೆ ಬಟನ್ ಒತ್ತಿದ್ದಾಳೆ. ಆ ಪ್ರಶ್ನೆ ಅವಳನ್ನು ಹಿಂದಕ್ಕೆ ಎಳೆಯುತ್ತದೆ. ಬದಲಿಗೆ ಏನಾಗಲಿದೆ ಎಂದು ಹೇಳಿ:

"5 ಸೆಕೆಂಡಿಗೆ ಅಣ್ಣ, ಅವ್ವನಿಗೆ ತಿಳಿಸುತ್ತೇವೆ. ಬೇಡವಾದರೆ ನಿಲ್ಲಿಸಿ."

ಇಲ್ಲಿ "ತುರ್ತು ಸಂಪರ್ಕಗಳಿಗೆ" ಅಂತ ಬರೆಯಲಿಲ್ಲ ನೋಡಿ. ಆಕೆ ಫೋನಿನಲ್ಲಿ ಯಾವ ಹೆಸರಿನಿಂದ ಸೇವ್ ಮಾಡಿದ್ದಾಳೋ ಅದೇ ಹೆಸರು ತೋರಿಸಿ. ಧೈರ್ಯ ಕೊಡುವ ಕೆಲಸ ಅರ್ಧ ಅಲ್ಲಿಗೇ ಆಯಿತು. ಆ್ಯಪ್ ತನ್ನ ಬಗ್ಗೆ ಏನೂ ಹೇಳಿಕೊಳ್ಳುವುದು ಬೇಡ.

ಮುಂದಿನ ಪರದೆಗಳು ಹೀಗೆ ಬರಲಿ. ಹೋಗುತ್ತಿರುವಾಗ: "ಅಣ್ಣನಿಗೆ ಕಳಿಸುತ್ತಿದ್ದೇವೆ." ಹೋದ ಮೇಲೆ: "ಅಣ್ಣನಿಗೆ ಮೆಸೇಜ್ ಹೋಗಿದೆ. 8:42." ಅವನು ತೆರೆದ ಮೇಲೆ: "ಅಣ್ಣ ನೋಡಿದ್ದಾರೆ." ಹೋಗಿದೆ ಮತ್ತು ನೋಡಿದ್ದಾರೆ, ಇವೆರಡನ್ನು ಎಂದೂ ಬೆರೆಸಬೇಡಿ. ಹೋದ ಮೆಸೇಜ್ ನೋಡದೆ ಬಿದ್ದಿರಬಹುದು. ಸವಿತಾ ಮುಂದೆ ಏನು ಮಾಡಬೇಕು ಎಂಬ ತೀರ್ಮಾನ ಈ ವ್ಯತ್ಯಾಸದ ಮೇಲೆ ನಿಂತಿದೆ.

ಪ್ರತಿ ಪರದೆಯಲ್ಲೂ ಒಂದೇ ಒಂದು ಮುಂದಿನ ಕೆಲಸ ಇರಲಿ. ಇಲ್ಲಿ ಅದು "ಕಂಡಕ್ಟರ್‌ಗೆ ಹೇಳಿ" ಆಗಬಹುದು, "112ಕ್ಕೆ ಕರೆ" ಎಂಬ ದೊಡ್ಡ ಬಟನ್ ಆಗಬಹುದು. ನಾಲ್ಕು ಆಯ್ಕೆ ಕೊಟ್ಟರೆ ನಡುಗುವ ಕೈಗೆ ಒಂದೂ ಆಗುವುದಿಲ್ಲ.

ಇನ್ನು ಕೆಟ್ಟು ನಿಂತಾಗಿನ ಮಾತು. ಬಸ್ ಹೊಲಗಳ ನಡುವೆ ಇದೆ, ಡೇಟಾ ಹೋಯಿತು ಅಂದುಕೊಳ್ಳಿ. ಸಾಮಾನ್ಯವಾಗಿ ಇಲ್ಲಿ ಡೆವಲಪರ್ ಬರೆದ "ದೋಷ ಸಂಭವಿಸಿದೆ, ಪುನಃ ಪ್ರಯತ್ನಿಸಿ" ಹಾಗೇ ಉಳಿದಿರುತ್ತದೆ. ಇಡೀ ಆ್ಯಪ್‌ನಲ್ಲಿ ಅತಿ ಜಾಸ್ತಿ ಭಯ ಹುಟ್ಟಿಸುವ ಸಾಲು ಇದೇ, ಯಾಕಂದರೆ ಏನು ಕೆಟ್ಟಿತು, ಏನು ಉಳಿದಿದೆ ಎರಡೂ ಅದರಲ್ಲಿ ಇಲ್ಲ. ಹೀಗೆ ಬರೆಯಿರಿ:

"ಇಂಟರ್ನೆಟ್ ಇಲ್ಲ. ಎಸ್‌ಎಂಎಸ್ ಕಳಿಸುತ್ತಿದ್ದೇವೆ."

ಎಸ್‌ಎಂಎಸ್ ಕೂಡ ಹೋಗಲಿಲ್ಲವಾ?

"ಮೆಸೇಜ್ ಹೋಗಲಿಲ್ಲ. 112ಕ್ಕೆ ಕರೆ ಮಾಡಿ. ಬೇರೆ ಕಂಪನಿಯ ಟವರ್ ಇದ್ದರೂ ಕರೆ ಹೋಗಬಹುದು."

ಕೊನೆಯ ಮಾತು ಸುಮ್ನೆ ಸೇರಿಸಿದ್ದಲ್ಲ. ತುರ್ತು ಕರೆಗೆ ನಿಮ್ಮ ಸಿಮ್ ಕಂಪನಿಯ ಸಿಗ್ನಲ್ಲೇ ಬೇಕಂತಿಲ್ಲ, ಹತ್ತಿರ ಬೇರೆ ಕಂಪನಿಯ ಟವರ್ ಇದ್ದರೆ ಫೋನ್ ಅದನ್ನು ಹಿಡಿಯಬಲ್ಲದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಸಿಗ್ನಲ್ ಕಡ್ಡಿ ಇಲ್ಲ ಎಂದು ನೋಡಿ ಫೋನನ್ನು ಬ್ಯಾಗಿಗೆ ಹಾಕಿಬಿಡುತ್ತಾರೆ. "ಹೋಗಬಹುದು" ಎಂದೇ ಬರೆಯಿರಿ, "ಹೋಗುತ್ತದೆ" ಬೇಡ, ಎಲ್ಲೂ ಟವರ್ ಇಲ್ಲದ ಜಾಗವೂ ಇರುತ್ತದೆ.

"ಗಾಬರಿಯಾಗಬೇಡಿ" ಎಂಬ ಸಾಲು ಎಲ್ಲಾದರೂ ಇದ್ದರೆ ತೆಗೆಯಿರಿ. ಹಾಗೆ ಹೇಳಿಸಿಕೊಂಡವರಿಗೆ ಗಾಬರಿ ಇಳಿದ ಉದಾಹರಣೆ ನಿಮಗೂ ನೆನಪಿರಲಿಕ್ಕಿಲ್ಲ, ಅಲ್ವಾ? ಆ ಜಾಗದಲ್ಲಿ ಮಾಡಬೇಕಾದ ಒಂದು ಕೆಲಸ ಬರೆಯಿರಿ.

ಕೆಡುತ್ತಿರುವ ಲಕ್ಷಣ: ಪರದೆಯಲ್ಲಿ ಆ್ಯಪ್‌ನ ಹೆಸರು ಕಾಣಿಸಿಕೊಂಡಿದೆ, ಒಂದು ಪರದೆಯಲ್ಲಿ ಮೂರು ವಾಕ್ಯಕ್ಕಿಂತ ಜಾಸ್ತಿ ಇದೆ, ವಾಕ್ಯದ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಬಂದಿದೆ.

## ಹಂತ 4: ಮನೆಯವರಿಗೆ ಹೋಗುವ ಮೆಸೇಜ್

ಹುಡುಗಿಗಿಂತ ಜಾಸ್ತಿ ಹೆದರುವವರು ಆ ಕಡೆ ಇದ್ದಾರೆ. ಅವರು ದೂರ ಇದ್ದಾರೆ, ಏನೂ ಕಾಣುತ್ತಿಲ್ಲ, ಕೈಯಲ್ಲಿ ಒಂದು ಮೆಸೇಜ್ ಮಾತ್ರ. ಹೀಗಿದ್ದೂ ಬರೆಯುವವರು ಇದಕ್ಕೆ ಐದು ನಿಮಿಷ ಕೊಡುತ್ತಾರೆ. ನೀವು ಅರ್ಧ ದಿನ ಕೊಡಿ.

ಸಾಮಾನ್ಯವಾಗಿ ಸಿಗುವ ಮೆಸೇಜ್ ಇದು: "ಅಪಾಯ! ನಿಮ್ಮ ಪ್ರೀತಿಪಾತ್ರರು ಸಂಕಷ್ಟದಲ್ಲಿದ್ದಾರೆ! ತಕ್ಷಣ ನೆರವಾಗಿ!" ಯಾರು, ಎಲ್ಲಿ, ನಾನೇನು ಮಾಡಲಿ, ಮೂರರಲ್ಲಿ ಒಂದೂ ಇಲ್ಲ. ಸೋಲಾಪುರದ ಅಣ್ಣ ಇದನ್ನು ಓದಿ ಮೊದಲು ಊರಿಗೆ ಫೋನ್ ಮಾಡುತ್ತಾನೆ, ಅವ್ವ ಅಳಲು ಶುರು ಮಾಡುತ್ತಾಳೆ, ಇಬ್ಬರೂ ಒಬ್ಬರನ್ನೊಬ್ಬರು ಕೇಳುತ್ತಾ ಹತ್ತು ನಿಮಿಷ ಹೋಗುತ್ತದೆ.

ಸರಿಯಾದ ಕ್ರಮ: ಯಾರು, ಏನು ಕೇಳಿದ್ದಾರೆ, ಎಷ್ಟು ಹೊತ್ತಿಗೆ ಎಲ್ಲಿದ್ದರು, ನೀವು ಏನು ಮಾಡಬೇಕು.

"ಸವಿತಾ ಸಹಾಯ ಕೇಳಿದ್ದಾರೆ. 8:42ಕ್ಕೆ ದೇವರ ಹಿಪ್ಪರಗಿ ಹತ್ತಿರ. 112ಕ್ಕೆ ಹೇಳಿ."

"ಸಹಾಯ ಕೇಳಿದ್ದಾರೆ" ಎಂಬುದು ನಡೆದ ಸಂಗತಿ. "ಅಪಾಯದಲ್ಲಿದ್ದಾರೆ" ಎಂಬುದು ಆ್ಯಪ್‌ನ ಊಹೆ. ಜೊತೆಗೆ, ಕೇಳಿದ್ದಾಳೆ ಅಂದರೆ ಅವಳಿಗೆ ಎಚ್ಚರ ಇದೆ, ಕೈ ಆಡುತ್ತಿದೆ ಎಂಬುದು ಓದಿದವರಿಗೆ ತಾನಾಗಿ ತಿಳಿಯುತ್ತದೆ. ಹಾಗೆಯೇ "ಇದ್ದಾರೆ" ಎನ್ನದೆ ಹೊತ್ತು ಹಾಕಿ ಹೇಳಬೇಕು, ಬಸ್ ಮುಂದೆ ಹೋಗುತ್ತಿರುತ್ತದೆ. ಹಳೆಯ ಜಾಗವನ್ನು ಈಗಿನ ಜಾಗ ಅಂತ ತೋರಿಸಿ, ಅಲ್ಲಿಗೆ ಹೋದವರಿಗೆ ಅವಳು ಸಿಗದಿದ್ದರೆ ಆಗುವ ಗಾಬರಿ ನೀವೇ ಯೋಚಿಸಿ.

ಉದ್ದದ ಲೆಕ್ಕ ಇಲ್ಲಿ ಮುಖ್ಯ. ಇಂಗ್ಲಿಷ್ ಅಕ್ಷರದ ಎಸ್‌ಎಂಎಸ್‌ಗೆ 160 ಅಕ್ಷರ ಸಿಗುತ್ತದೆ, ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಎಣಿಕೆ. "ಕೇಳಿದ್ದಾರೆ" ಕಣ್ಣಿಗೆ ನಾಲ್ಕು ಅಕ್ಷರ, ಎಣಿಕೆಗೆ 10. 70 ದಾಟಿದರೆ ಮೆಸೇಜ್ ತುಂಡಾಗುತ್ತದೆ, ತುಂಡುಗಳು ಒಟ್ಟಿಗೆ ಬರದೆ ಒಂದು ಮೊದಲು, ಒಂದು ತಡವಾಗಿಯೂ ಬರಬಹುದು. ಮೇಲಿನ ಮೆಸೇಜ್ ಎಣಿಸಿದರೆ 67. ಮುಖ್ಯವಾದ್ದೆಲ್ಲ ಮೊದಲ ತುಂಡಿನಲ್ಲೇ ಮುಗಿಯಲಿ, ಮ್ಯಾಪಿನ ಲಿಂಕ್ ಎರಡನೆಯ ಮೆಸೇಜಿನಲ್ಲಿ ಹೋಗಲಿ. ಕಂಪನಿಯ ಸರ್ವರ್‌ನಿಂದ ಕಳಿಸುವುದಾದರೆ ಇನ್ನೊಂದು ಮಾತು: ಕಂಪನಿಗಳು ಕಳಿಸುವ ಮೆಸೇಜುಗಳನ್ನು ನೋಂದಾಯಿಸಿಕೊಳ್ಳುವ ಟೆಲಿಕಾಂ ಡಿಎಲ್‌ಟಿ ವ್ಯವಸ್ಥೆಯಲ್ಲಿ ಮೆಸೇಜಿನ ಟೆಂಪ್ಲೇಟ್ ಮೊದಲೇ ನೋಂದಾಯಿಸಬೇಕು, ಒಳಗಿನ ಲಿಂಕಿಗೂ ಮುಂಚೆಯೇ ಒಪ್ಪಿಗೆ ಬೇಕು. ಆಮೇಲೆ ಒಂದು ಶಬ್ದ ಬದಲಿಸಿದರೂ ಮೆಸೇಜ್ ತಡೆಯಲ್ಪಡಬಹುದು. ಹಾಗಾಗಿ ಮಾತು ಗಟ್ಟಿ ಮಾಡಿದ ಮೇಲೆಯೇ ನೋಂದಣಿಗೆ ಕೊಡಿ.

ಅವ್ವನ ಕೀಪ್ಯಾಡ್ ಫೋನಿನಲ್ಲಿ ಕನ್ನಡ ಅಕ್ಷರದ ಬದಲು ಚೌಕ ಚೌಕ ಕಾಣುವ ಸಾಧ್ಯತೆ ಇದೆ. ಆ ಕಾರಣಕ್ಕೇ ಹಳೆಯ ಫೋನ್ ಒಂದು ಹತ್ತಿರ ಇರಲಿ ಎಂದಿದ್ದು, ಕಳಿಸಿ ನೋಡಿ. ಅಂಥವರಿಗೆ ರೆಕಾರ್ಡ್ ಮಾಡಿದ ಧ್ವನಿ ಕರೆ ಹೋಗುವುದು ಸರಿ. ಸೈರನ್ ಸದ್ದು, ಹಿನ್ನೆಲೆ ಸಂಗೀತ ಬೇಡ. ನಿಧಾನವಾಗಿ ಮಾತಾಡುವ ಹೆಣ್ಣು ದನಿ, ಇಲ್ಲಿನ ಮಾತಿನಲ್ಲೇ: "ನಮಸ್ಕಾರ್ರಿ. ಸವಿತಾ ಸಹಾಯ ಕೇಳ್ಯಾರ. ಎಂಟು ನಲವತ್ತೆರಡಕ್ಕ ದೇವರ ಹಿಪ್ಪರಗಿ ಹತ್ರ ಇದ್ರು. ಅವರ ಅಣ್ಣಗೂ ತಿಳಿಸೀವಿ. ಮತ್ತೊಮ್ಮೆ ಕೇಳಾಕ ಒಂದು ಒತ್ರಿ." ಓದುವ ಮಾತಿಗೆ ಸರಳ ಬರಹದ ಕನ್ನಡ, ಕೇಳುವ ಮಾತಿಗೆ ಊರಿನ ಕನ್ನಡ. ಊರಿನ ಮಾತನ್ನು ಅಕ್ಷರದಲ್ಲಿ ಬರೆದರೆ ಅದೇ ಊರಿನವರಿಗೂ ಓದಲು ಹೊತ್ತು ಹಿಡಿಯುತ್ತದೆ. ವಿಜಯಪುರದಲ್ಲಿ ಉರ್ದು, ಮರಾಠಿ, ಲಂಬಾಣಿ ಮಾತಾಡುವ ಮನೆಗಳೂ ಬಹಳ ಇವೆ, ಧ್ವನಿ ಕರೆಯ ಭಾಷೆ ಆರಿಸುವ ಜಾಗ ಸೆಟ್ಟಿಂಗ್‌ನಲ್ಲಿ ಕೊಡಿ.

ಅಣ್ಣ ಸೋಲಾಪುರದಲ್ಲಿ ಇರುವುದರಿಂದ ಇನ್ನೊಂದು ತೊಡಕು ಇದೆ. ಅವನು ಅಲ್ಲಿಂದ 112 ಒತ್ತಿದರೆ ಕರೆ ಮಹಾರಾಷ್ಟ್ರದ ಕಂಟ್ರೋಲ್ ರೂಮಿಗೆ ಹೋಗುತ್ತದೆ, ಕರ್ನಾಟಕಕ್ಕಲ್ಲ. ನಮ್ಮ ಕಡೆ ಬಹಳ ಮನೆಗಳ ಗಂಡಸರು ಮಹಾರಾಷ್ಟ್ರ, ಗೋವಾ ಕಡೆ ದುಡಿಯಲು ಹೋಗಿರುವಾಗ ಇದನ್ನು ಮರೆಯುವ ಹಾಗಿಲ್ಲ. ಹೊರ ರಾಜ್ಯದಲ್ಲಿರುವವರಿಗೆ ಮೆಸೇಜಿನ ಕೊನೆಯ ಸಾಲು ಬೇರೆ ಇರಲಿ. ವಿಜಯಪುರ ಜಿಲ್ಲಾ ಪೊಲೀಸ್ ಕಂಟ್ರೋಲ್ ರೂಮಿನ ನಂಬರನ್ನು ಅಧಿಕೃತವಾಗಿ ಪಡೆದು ಅಲ್ಲಿ ಹಾಕಿ, ಅಥವಾ ಕರೆ ಎತ್ತಿದವರಿಗೆ ಮೊದಲು "ಕರ್ನಾಟಕ, ವಿಜಯಪುರ ಜಿಲ್ಲೆ" ಎಂದು ಹೇಳಲು ತಿಳಿಸಿ.

ಇನ್ನು "ಸವಿತಾಗೆ ಫೋನ್ ಮಾಡಿ" ಎಂದು ಬರೆಯಬೇಕಾ? ಬಸ್ಸಿನಲ್ಲಿ ಇದ್ದರೆ ಅಣ್ಣನ ಕರೆ ಬಂದರೆ ಒಳ್ಳೆಯದೇ, ಆ ಮನುಷ್ಯ ಹಿಂದೆ ಸರಿಯಬಹುದು. ಆದರೆ ಎಲ್ಲೋ ಅಡಗಿ ಕೂತವರ ಫೋನ್ ರಿಂಗ್ ಆದರೆ ಅನಾಹುತ. ಇದನ್ನು ಆ್ಯಪ್ ತಾನೇ ತೀರ್ಮಾನಿಸಬಾರದು. ಬಟನ್ ಒತ್ತಿದಾಗ "ಕರೆ ಬರಲಿ" ಮತ್ತು "ಸದ್ದು ಬೇಡ" ಎಂಬ ಎರಡು ದಾರಿ ಇರಲಿ, ಎರಡನೆಯದಾದರೆ ಮನೆಯವರ ಮೆಸೇಜಿನಲ್ಲಿ "ಅವರಿಗೆ ಫೋನ್ ಮಾಡಬೇಡಿ" ಎಂದು ಸ್ಪಷ್ಟವಾಗಿ ಬರಲಿ. ಏನೂ ಆರಿಸದಿದ್ದರೆ ಸದ್ದು ಬೇಡ ಎಂದೇ ಇಟ್ಟುಕೊಳ್ಳಿ.

ಕೊನೆಗೆ, ಮೂರು ಜನಕ್ಕೆ ಒಂದೇ ಮೆಸೇಜ್ ಹೋದಾಗ ಪ್ರತಿಯೊಬ್ಬರೂ ಇನ್ನೊಬ್ಬರು 112ಕ್ಕೆ ಹೇಳಿರುತ್ತಾರೆ ಅಂದುಕೊಳ್ಳುತ್ತಾರೆ. ಲಿಂಕ್ ತೆರೆದ ಪುಟದಲ್ಲಿ "112ಕ್ಕೆ ನಾನು ಹೇಳಿದೆ" ಎಂಬ ಬಟನ್ ಇಡಿ, ಒಬ್ಬರು ಒತ್ತಿದ ಕೂಡಲೇ ಉಳಿದವರಿಗೂ ಸವಿತಾಗೂ ಅದು ಕಾಣಲಿ: "ಅಣ್ಣ 112ಕ್ಕೆ ಹೇಳಿದ್ದಾರೆ." ಇದು ನಿಜವಾದ ಸಮಾಧಾನ, ಯಾವ ಘೋಷಣೆಯೂ ಇದಕ್ಕೆ ಸಮ ಆಗುವುದಿಲ್ಲ.

## ಹಂತ 5: ನಿಲ್ಲಿಸಿದಾಗ, ಮುಗಿದಾಗ

ತಪ್ಪಾಗಿ ಒತ್ತಿದವರನ್ನು ಬೈಯುವ ಆ್ಯಪ್‌ಗಳಿವೆ. "ಸುಳ್ಳು ಎಚ್ಚರಿಕೆ ನೀಡಬೇಡಿ" ಎಂದು ಬರುತ್ತದೆ. ಒಂದು ಸಲ ಹಾಗೆ ಹೇಳಿಸಿಕೊಂಡವರು ನಿಜವಾಗಿ ಬೇಕಾದಾಗ ಅನುಮಾನಿಸುತ್ತಾರೆ. "ನಿಲ್ಲಿಸಿದ್ದೇವೆ. ಯಾರಿಗೂ ಹೋಗಿಲ್ಲ." ಇಷ್ಟೇ ಸಾಕು. ಹೋಗಿಬಿಟ್ಟಿದ್ದರೆ ಮನೆಯವರಿಗೆ ಕೂಡಲೇ ಇನ್ನೊಂದು: "ಸವಿತಾ 8:51ಕ್ಕೆ ಎಚ್ಚರಿಕೆ ನಿಲ್ಲಿಸಿದ್ದಾರೆ." ಇಲ್ಲೂ "ಸುರಕ್ಷಿತವಾಗಿದ್ದಾರೆ" ಎಂದು ಬರೆಯಬೇಡಿ, ನಿಲ್ಲಿಸಿದ್ದು ಯಾರ ಬಲವಂತಕ್ಕೋ ಆ್ಯಪ್‌ಗೆ ಗೊತ್ತಿಲ್ಲ.

ಬಲವಂತಕ್ಕಾಗಿಯೇ, ಅಂದರೆ ಎಚ್ಚರಿಕೆ ನಿಂತ ಹಾಗೆ ತೋರಿಸಿ ಒಳಗೊಳಗೇ ಮುಂದುವರಿಸಲು, ಎರಡನೆಯ ಪಿನ್ ಇಟ್ಟಿರುವ ಆ್ಯಪ್ ನಿಮ್ಮದಾದರೆ ಒಂದು ಎಚ್ಚರ. ನಿಜವಾದ ಪಿನ್ ಹಾಕಿದಾಗ ಬರುವ ಸಾಲೂ, ಬಲವಂತದ ಪಿನ್ ಹಾಕಿದಾಗ ಬರುವ ಸಾಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಹಂತ 1ರಲ್ಲಿ ಹೇಳಿದ ಸತ್ಯದ ನಿಯಮಕ್ಕೆ ಇದೊಂದೇ ಹೊರತು, ಮತ್ತು ಇದನ್ನು ಆಕೆಗೆ ಪಿನ್ ಇಡುವಾಗಲೇ ತಿಳಿಸಿರಬೇಕು.

ಮಾರನೆಯ ದಿನ ಒಂದು ಮೆತ್ತಗಿನ ಸಾಲು ಕಳಿಸಬಹುದು: "ನಿನ್ನೆಯ ವಿಷಯ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಮಹಿಳಾ ಸಹಾಯವಾಣಿ 181ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಬಹುದು." ಇದನ್ನು ಆ್ಯಪ್ ಒಳಗೆ ತೆರೆದಾಗ ಮಾತ್ರ ತೋರಿಸಿ. ಯಾಕೆ ಅಂತ ಮುಂದಿನ ಹಂತದಲ್ಲಿದೆ.

## ಹಂತ 6: ಸಾಮಾನ್ಯ ದಿನದ ನೋಟಿಫಿಕೇಶನ್

ಭಯ ಹುಟ್ಟುವುದು ಜಾಸ್ತಿ ಇಲ್ಲಿಂದ, ಯಾಕಂದರೆ ವರ್ಷದ ಹೆಚ್ಚುಕಡಿಮೆ ಎಲ್ಲ ದಿನವೂ ಸಾಮಾನ್ಯ ದಿನವೇ. ಆ್ಯಪ್ ತೆರೆಸಬೇಕೆಂಬ ಆಸೆಗೆ ಅಪರಾಧದ ಸುದ್ದಿ ಕಳಿಸುತ್ತಾರೆ, ಮ್ಯಾಪಿನಲ್ಲಿ ಬಡಾವಣೆಗಳಿಗೆ ಕೆಂಪು ಬಳಿಯುತ್ತಾರೆ, "ಕತ್ತಲಾಗುತ್ತಿದೆ, ಬೇಗ ಮನೆ ಸೇರಿ" ಎನ್ನುತ್ತಾರೆ. ಕೊನೆಯದು ಕಾಳಜಿಯ ಹಾಗೆ ಕಂಡರೂ ಅದರೊಳಗೆ, ತಡವಾಗಿ ಹೊರಗಿದ್ದರೆ ತಪ್ಪು ನಿನ್ನದು ಎಂಬ ಮಾತು ಇದೆ. ಕೆಂಪು ಬಳಿದ ಬಡಾವಣೆಯಲ್ಲೂ ಹೆಣ್ಣುಮಕ್ಕಳು ಬದುಕುತ್ತಿದ್ದಾರೆ ಎಂಬುದನ್ನೂ ಮರೆಯಬೇಡಿ.

ಕತ್ತಲ ರಸ್ತೆ, ಅಪರಿಚಿತ ಗಂಡಸು, ಈ ಚಿತ್ರವೇ ಅರ್ಧ ಸತ್ಯ. ದೇಶದ ಅಪರಾಧಗಳ ಲೆಕ್ಕ ಇಡುವ ಸರ್ಕಾರಿ ಸಂಸ್ಥೆ ಎನ್‌ಸಿಆರ್‌ಬಿ ವರದಿಗಳಲ್ಲಿ ಮಹಿಳೆಯರ ಮೇಲಿನ ಅಪರಾಧಗಳ ಪೈಕಿ ಎಲ್ಲಕ್ಕಿಂತ ಜಾಸ್ತಿ ದಾಖಲಾಗುತ್ತಿರುವುದು ಗಂಡ ಅಥವಾ ಗಂಡನ ಕಡೆಯವರ ಕ್ರೌರ್ಯ. ಅಂದರೆ ನಿಮ್ಮ ನೋಟಿಫಿಕೇಶನ್ ಯಾರ ವಿರುದ್ಧ ಸಹಾಯ ಬೇಕೋ ಅವನ ಕಣ್ಣಿಗೇ ಬೀಳಬಹುದು. ಫೋನ್ ಮನೆಯವರೆಲ್ಲ ಮುಟ್ಟುವ ಊರು ನಮ್ಮದು. ಲಾಕ್ ಪರದೆಯ ಮೇಲೆ ಬರುವ ಸಾಲಿನಲ್ಲಿ ಕಿರುಕುಳ, ದೂರು, ಸಹಾಯವಾಣಿ, ಇಂಥ ಯಾವ ಮಾತೂ ಬರಬಾರದು. "ನಿಮಗೊಂದು ಸೂಚನೆ ಇದೆ" ಸಾಕು.

ಹಾಗಾದರೆ ಕಳಿಸಬೇಕಾದ್ದು ಏನು? ಉಪಯೋಗಕ್ಕೆ ಬರುವ ಒಂದು ಕೆಲಸ, ತಿಂಗಳಿಗೆ ಒಂದು ಸಲ. "ಅಣ್ಣನ ನಂಬರ್ ಇದೇ ತಾನೇ? ಒಮ್ಮೆ ನೋಡಿ." ಅಥವಾ "ಬಟನ್ ಒತ್ತಿ ಅಭ್ಯಾಸ ಮಾಡಬಹುದು, ಯಾರಿಗೂ ಮೆಸೇಜ್ ಹೋಗುವುದಿಲ್ಲ." ಅಭ್ಯಾಸದ ಮಾತು ಬಹಳ ಕೆಲಸ ಮಾಡುತ್ತದೆ. ಒಮ್ಮೆ ಕೈಯಿಂದ ಮಾಡಿ ನೋಡಿದವರಿಗೆ ಪರದೆ ಹೊಸದಾಗಿ ಕಾಣುವುದಿಲ್ಲ.

## ಹಂತ 7: ಪರೀಕ್ಷೆ

ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತವರಿಗೆ ತೋರಿಸಿ "ಚೆನ್ನಾಗಿದೆಯಾ?" ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಒಂದು ಪರದೆಯನ್ನು ಐದು ಸೆಕೆಂಡು ತೋರಿಸಿ, ಮುಚ್ಚಿ, ಒಂದೇ ಪ್ರಶ್ನೆ ಕೇಳಿ: ಈಗ ನೀವು ಏನು ಮಾಡುತ್ತೀರಿ? ಉತ್ತರ ಒಂದು ಕೆಲಸವಾಗಿರಬೇಕು. ನಡೆಯುತ್ತಾ, ಒಂದು ಕೈಯಲ್ಲಿ ಬ್ಯಾಗ್ ಹಿಡಿದು, ಮಧ್ಯಾಹ್ನದ ಬಿಸಿಲಿನಲ್ಲೂ ಒಮ್ಮೆ ಮಾಡಿಸಿ.

ಮನೆಯವರ ಮೆಸೇಜನ್ನು ಸವಿತಾ ವಯಸ್ಸಿನ ಮಗಳಿರುವ ತಾಯಂದಿರಿಗೆ ತೋರಿಸಿ. ಇದು ಪರೀಕ್ಷೆ ಎಂದು ಮೊದಲೇ ಹೇಳಿ, ಸುಳ್ಳು ಮೆಸೇಜ್ ಕಳಿಸಿ ನೋಡುವ ಕೆಲಸ ಯಾವ ಕಾರಣಕ್ಕೂ ಬೇಡ. ಓದಿದ ಮೇಲೆ ಅವರ ಬಾಯಿಂದ ಬರುವ ಮೊದಲ ಮಾತನ್ನು ಹಾಗೇ ಬರೆದುಕೊಳ್ಳಿ. "ದೇವರ ಹಿಪ್ಪರಗಿ ಅಂದ್ರ ಹತ್ರನ ಐತಿ, 112ಕ್ಕ ಹಚ್ತೀನಿ" ಅಂದರೆ ಮೆಸೇಜ್ ಸರಿ ಇದೆ. "ಏನಾಗೇತಿ ಆಕಿಗೆ?" ಅಂದರೆ ಮೊದಲ ಸಾಲು ತಿದ್ದಬೇಕು. "ಇನ್ನ ಸಂಜಿ ಮುಂದ ಆಕಿನ್ನ ಕಳ್ಸೂದಿಲ್ಲ" ಅಂದರೆ ಧಾಟಿಯೇ ತಪ್ಪಿದೆ, ಹಂತ 3ಕ್ಕೆ ವಾಪಸ್ ಹೋಗಿ.

ಬಿಡುಗಡೆ ಆದ ಮೇಲೆ ನೋಡಬೇಕಾದ್ದು ಬಟನ್ ಎಷ್ಟು ಸಲ ಒತ್ತಿದರು ಎಂಬುದನ್ನಲ್ಲ. ನೋಟಿಫಿಕೇಶನ್ ಬಂದ ದಿನವೇ ಎಷ್ಟು ಜನ ಆ್ಯಪ್ ತೆಗೆದರು ಅಥವಾ ನೋಟಿಫಿಕೇಶನ್ ಬಂದ್ ಮಾಡಿದರು, ಎಣಿಕೆಯ ಐದು ಸೆಕೆಂಡಿನಲ್ಲಿ ಎಷ್ಟು ಜನ ನಿಲ್ಲಿಸಿದರು, ಅಭ್ಯಾಸ ಎಷ್ಟು ಜನ ಮಾಡಿದರು, ಇವನ್ನು ನೋಡಿ. ನಿಲ್ಲಿಸಿದವರು ಒಂದೇ ಸಮನೆ ಜಾಸ್ತಿ ಆಗುತ್ತಿದ್ದರೆ ಬಟನ್ ಇರುವ ಜಾಗ ತಪ್ಪಿರಬಹುದು, ಇಲ್ಲವೇ ಆ ಪರದೆಯ ಸಾಲು ಅವರನ್ನು ಹಿಂಜರಿಯುವಂತೆ ಮಾಡುತ್ತಿರಬಹುದು. ಮೊದಲು ಸಾಲು ಬದಲಿಸಿ ಎರಡು ವಾರ ನೋಡಿ, ಆಮೇಲೆ ಬಟನ್ ಮುಟ್ಟಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿ ಹೋಯಿತು ಎಂದು ತಿಳಿಯುವುದಿಲ್ಲ.